ಸುತ್ತೋಲೆಯಲ್ಲಿ ಯಾವ ಇಂಗ್ಲಿಷ್ ಪದ ಉಳಿಯಬೇಕು, ಯಾವುದು ಕನ್ನಡವಾಗಬೇಕು?

ಪ್ರಶ್ನೆ: ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದೇನೆ. ಕಾಮಗಾರಿ, ಟೆಂಡರು, ಬಿಲ್ಲಿನ ಸುತ್ತೋಲೆಗಳ ಕರಡು ನಾನೇ ಬರೆಯಬೇಕು. ಇಂಗ್ಲಿಷ್ ಪದಗಳನ್ನು ಹಾಗೇ ಉಳಿಸಿದರೆ ‘ಕನ್ನಡ ಬಳಸಿ’ ಎಂದು ಕಡತ ವಾಪಸ್ ಬರುತ್ತದೆ. ಎಲ್ಲವನ್ನೂ ಕನ್ನಡ ಮಾಡಿದರೆ ಗ್ರಾಮ ಪಂಚಾಯಿತಿಗಳಿಂದ ‘ಇದರ ಅರ್ಥ ಏನು ಸಾರ್’ ಎಂದು ಫೋನ್ ಬರುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅನುವಾದಿಸಬೇಕು ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ಪದ ಇಂಗ್ಲಿಷೋ ಕನ್ನಡವೋ ಎಂಬಲ್ಲಿಂದ ಶುರು ಮಾಡಿದರೆ ಈ ಗಂಟು ಬಿಚ್ಚುವುದಿಲ್ಲ. ಸುತ್ತೋಲೆಯನ್ನು ಓದಿದವರು ಆ ಪದವನ್ನು ಹಿಡಿದುಕೊಂಡು ಏನು ಮಾಡಬೇಕಾಗಿದೆ ಎಂಬಲ್ಲಿಂದ ಶುರು ಮಾಡಿ. ಕೆಲವು ಪದಗಳನ್ನು ಅವರು ಕಾನೂನಿನ ಪುಸ್ತಕದಲ್ಲಿ ಹುಡುಕಬೇಕು, ಕೆಲವನ್ನು ಕಂಪ್ಯೂಟರ್ ಪರದೆಯ ಮೇಲೆ ಹುಡುಕಬೇಕು, ಕೆಲವನ್ನು ಗುತ್ತಿಗೆದಾರನಿಗೆ ಬಾಯಲ್ಲಿ ಹೇಳಬೇಕು. ಹುಡುಕುವ ಜಾಗದಲ್ಲಿ ಯಾವ ಪದವಿದೆಯೋ ನಿಮ್ಮ ಸುತ್ತೋಲೆಯಲ್ಲೂ ಅದೇ ಇರಬೇಕು. ಉಳಿದುದೆಲ್ಲ ಇದರಿಂದಲೇ ಹೊರಡುತ್ತದೆ.

ಮೊದಲು ಕಾನೂನಿನ ಪದಗಳು. ಇಲ್ಲಿ ನಿಮಗೆ ಆಯ್ಕೆಯೇ ಇಲ್ಲ, ಅದೊಂದು ಅನುಕೂಲ. ರಾಜ್ಯದ ಶಾಸನಗಳ ಕನ್ನಡ ಪಾಠದಲ್ಲಿ ಆಕ್ಟ್ ಎಂಬುದು ಅಧಿನಿಯಮ, ರೂಲ್ ಎಂಬುದು ನಿಯಮ, ರೆಗ್ಯುಲೇಶನ್ ಎಂಬುದು ವಿನಿಯಮ, ಸೆಕ್ಷನ್ ಎಂಬುದು ಪ್ರಕರಣ, ಕ್ಲಾಜ್ ಎಂಬುದು ಖಂಡ, ಷೆಡ್ಯೂಲ್ ಎಂಬುದು ಅನುಸೂಚಿ. ಪತ್ರಿಕೆಗಳು ಕಾಯ್ದೆ, ಕಲಂ, ಸೆಕ್ಷನ್ ಎಂದು ಬರೆಯುತ್ತವೆ. ಓದುಗರಿಗೆ ಅದು ಸಾಕು, ಕಚೇರಿಯ ಪತ್ರಕ್ಕೆ ಸಾಲದು. ಒಂದೇ ಪತ್ರದಲ್ಲಿ ಮೇಲೆ ‘ಕಲಂ 6’, ಕೆಳಗೆ ‘ನಿಯಮ 6’, ನಡುವೆ ‘ಸೆಕ್ಷನ್ 6’ ಎಂದು ಬಂದರೆ ಅವು ಮೂರೋ ಒಂದೋ ಎಂದು ಓದುವವರಿಗೆ ತಿಳಿಯುವುದಿಲ್ಲ. ಮಾಹಿತಿ ಹಕ್ಕಿನ ಉತ್ತರಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಅರ್ಜಿ ಸಲ್ಲಿಸುವುದು ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 6(1)ರ ಅಡಿ, 30 ದಿನಗಳ ಗಡುವು ಇರುವುದು ಪ್ರಕರಣ 7(1)ರಲ್ಲಿ. ‘ನಿಯಮ 7(1)’ ಎಂದು ಬರೆದರೆ ಅದು ಅಧಿನಿಯಮವನ್ನು ಬಿಟ್ಟು, ಅದರಡಿ ರಚಿಸಿದ ಬೇರೆಯದೇ ನಿಯಮಾವಳಿಯತ್ತ ಕೈ ತೋರಿಸುತ್ತದೆ.

ಇಷ್ಟು ನಿಖರತೆ ಏಕೆ ಬೇಕೆಂದರೆ, ರಾಜ್ಯದ ಶಾಸನ ಬೇರೆ ಭಾಷೆಯಲ್ಲಿದ್ದರೂ ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನು ಸಂವಿಧಾನದ 348(3)ನೇ ಅನುಚ್ಛೇದ ಅಧಿಕೃತ ಪಾಠವೆಂದು ಭಾವಿಸುತ್ತದೆ. ನಾಳೆ ವಿವಾದವಾದರೆ ನಿಮ್ಮ ಕನ್ನಡ ಪದದಿಂದ ಆ ಇಂಗ್ಲಿಷ್ ಪದಕ್ಕೆ ಒಂದೇ ದಾರಿ ಇರಬೇಕು. ಎರಡು ದಾರಿ ಇದ್ದರೆ ಜಗಳವೂ ಅಲ್ಲಿಂದಲೇ ಹುಟ್ಟುತ್ತದೆ.

‘ಪ್ರಕರಣ’ ಎಂಬ ಪದದಲ್ಲಿ ಒಂದು ತೊಡಕಿದೆ. ಕೇಸ್ ಎಂಬುದಕ್ಕೂ ನಾವು ಪ್ರಕರಣ ಎಂದೇ ಬರೆಯುತ್ತೇವೆ. ‘ಈ ಪ್ರಕರಣದಲ್ಲಿ ಪ್ರಕರಣ 4ನ್ನು ಅನ್ವಯಿಸಿ’ ಎಂಬಂಥ ವಾಕ್ಯ ಕಡತಗಳಲ್ಲಿ ಅಪರೂಪವಲ್ಲ. ಶಾಸನದ ಪದ ಬದಲಿಸುವ ಅಧಿಕಾರ ನಮಗಿಲ್ಲ, ಆದ್ದರಿಂದ ಇನ್ನೊಂದನ್ನು ಬದಲಿಸಿ: ನ್ಯಾಯಾಲಯದ್ದಾದರೆ ಮೊಕದ್ದಮೆ, ಕಚೇರಿಯದ್ದಾದರೆ ಅರ್ಜಿ, ದೂರು, ಪ್ರಸ್ತಾವನೆ, ಹೀಗೆ ಅದು ನಿಜವಾಗಿ ಏನೋ ಅದನ್ನೇ ಬರೆಯಿರಿ.

ಇನ್ನು ಕಷ್ಟದ ಭಾಗ. ಕನ್ನಡ ಪದ ಸಿಗದಿರುವುದು ಅಷ್ಟು ದೊಡ್ಡ ತೊಂದರೆಯಲ್ಲ. ಎರಡು ಮೂರು ಇಂಗ್ಲಿಷ್ ಪದಗಳಿಗೆ ಒಂದೇ ಕನ್ನಡ ಪದ ಸಿಕ್ಕಿಬಿಡುವುದು ಅದಕ್ಕಿಂತ ಅಪಾಯ. ಓದುವಾಗ ವಾಕ್ಯ ಚೆನ್ನಾಗಿಯೇ ಇರುತ್ತದೆ, ತಪ್ಪು ಮಾತ್ರ ಕೆಲಸ ನಡೆದ ಮೇಲೆ ಹೊರಬೀಳುತ್ತದೆ. ‘ನವೀಕರಣ’ವನ್ನೇ ನೋಡಿ. ಪರವಾನಗಿ ರಿನ್ಯೂ ಮಾಡುವುದೂ ನವೀಕರಣ, ದಾಖಲೆ ಅಪ್‌ಡೇಟ್ ಮಾಡುವುದೂ ನವೀಕರಣ, ಕಟ್ಟಡ ರಿಪೇರಿ ಮಾಡಿ ಹೊಸದಾಗಿಸುವುದೂ ನವೀಕರಣ. ‘ಅಂಗಡಿ ಮಳಿಗೆಗಳ ನವೀಕರಣವನ್ನು ಮಾರ್ಚ್ 31ರೊಳಗೆ ಪೂರ್ಣಗೊಳಿಸಿ’ ಎಂಬ ಸಾಲಿಗೆ ಮೂರು ಅರ್ಥ ಬರುತ್ತದೆ: ಬಾಡಿಗೆ ಕರಾರು ಮುಂದುವರಿಸಬೇಕೋ, ಬಾಡಿಗೆದಾರರ ಪಟ್ಟಿ ಸರಿಮಾಡಬೇಕೋ, ಸುಣ್ಣಬಣ್ಣ ಮಾಡಿಸಬೇಕೋ? ನವೀಕರಣವನ್ನು ಪರವಾನಗಿ, ಕರಾರುಗಳಿಗೆ ಮೀಸಲಿಡಿ. ದಾಖಲೆಗೆ ಕಂದಾಯ ಇಲಾಖೆಯಲ್ಲಿ ‘ಕಾಲೋಚಿತಗೊಳಿಸು’, ‘ಇಂದೀಕರಿಸು’ ಎಂಬ ಬಳಕೆಯಿದೆ. ನಿಮ್ಮ ಓದುಗರಿಗೆ ಅವು ಹೊಸವೆನಿಸಿದರೆ ‘ಈವರೆಗಿನ ವಿವರ ಸೇರಿಸಿ’ ಎನ್ನಿ, ಇಲ್ಲವೇ ‘ಅಪ್‌ಡೇಟ್ ಮಾಡಿ’ ಎಂದೇ ಬರೆಯಿರಿ. ಕಟ್ಟಡಕ್ಕೆ ‘ದುರಸ್ತಿ’.

‘ದೃಢೀಕರಣ’ ಇನ್ನೂ ಹೆಚ್ಚು ಹೊರೆ ಹೊತ್ತ ಪದ. ಆಧಾರ್ ದೃಢೀಕರಣ ಎಂದರೆ ಬೆರಳಚ್ಚು ಅಥವಾ ಒಟಿಪಿ ಕೊಟ್ಟು ವ್ಯಕ್ತಿ ಅವನೇ ಎಂದು ತೋರಿಸುವುದು. ದೃಢೀಕೃತ ಪ್ರತಿ ಎಂದರೆ ಅಧಿಕಾರಿಯ ರುಜು, ಮೊಹರು ಬಿದ್ದ ನಕಲು. ಇವೆರಡೂ ಬೇರೂರಿದ ಬಳಕೆಗಳು, ಕೀಳಲಾಗದು. ಆದರೆ ವೆರಿಫೈ ಮಾಡುವುದಕ್ಕೂ ದೃಢೀಕರಣ ಎಂದು ಬರೆಯುವುದನ್ನು ನಿಲ್ಲಿಸಬಹುದು. ‘ಫಲಾನುಭವಿಗಳ ದಾಖಲೆಗಳನ್ನು ದೃಢೀಕರಿಸಿ’ ಎಂದರೆ ಒಬ್ಬ ಸಿಬ್ಬಂದಿ ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡುತ್ತಾನೆ, ಇನ್ನೊಬ್ಬ ನಕಲಿನ ಮೇಲೆ ಮೊಹರು ಒತ್ತಿ ಕಳುಹಿಸುತ್ತಾನೆ. ನಿಮಗೆ ಬೇಕಾದದ್ದು ಮೊದಲನೆಯದಾದರೆ ‘ಮೂಲ ದಾಖಲೆಯೊಂದಿಗೆ ಹೋಲಿಸಿ ಪರಿಶೀಲಿಸಿ’ ಎನ್ನಿ. ಮೂರು ಪದ ಹೆಚ್ಚಾಗುತ್ತದೆ, ಮೂವತ್ತು ಫೋನು ಕಡಿಮೆಯಾಗುತ್ತದೆ.

ಇದಕ್ಕೆ ತಿರುಗುಮುರುಗಾದ ತೊಡಕೂ ಉಂಟು. ಒಂದು ಇಂಗ್ಲಿಷ್ ಪದ ಎರಡು ಅರ್ಥದಲ್ಲಿ ಬಂದಾಗ ಅನುವಾದಕರು ಒಂದೇ ಕನ್ನಡ ಪದ ಹಾಕುತ್ತಾರೆ. ಅಪ್ಲಿಕೇಶನ್ ಎಂದಲ್ಲೆಲ್ಲ ‘ಅರ್ಜಿ’ ಎಂದು ಬರೆದು, ‘ಅರ್ಜಿಯನ್ನು ಮೊಬೈಲ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡು ಲಾಗಿನ್ ಆಗಿ’ ಎಂಬ ಸಾಲು ಹೊರಟರೆ, ಓದಿದವರು ನಮೂನೆಯ ಪಿಡಿಎಫ್ ಹುಡುಕುತ್ತ ಕೂರುತ್ತಾರೆ. ಅಲ್ಲಿ ಬೇಕಿದ್ದದ್ದು ‘ಆ್ಯಪ್’. ಸೇವಾ ನಿಯಮಗಳಲ್ಲಿ ಬರುವ ಫಾರಿನ್ ಸರ್ವಿಸ್ ಎಂಬುದೂ ಹೀಗೆಯೇ. ಸರ್ಕಾರಿ ನೌಕರ ಸರ್ಕಾರದ ಹಣದಿಂದಲ್ಲದೆ ನಿಗಮ, ಮಂಡಳಿಯಂಥ ಬೇರೆ ಮೂಲದಿಂದ ಸಂಬಳ ಪಡೆಯುವ ಸೇವೆ ಅದು. ಕನ್ನಡದಲ್ಲಿ ಅದು ‘ಅನ್ಯಸೇವೆ’. ಅದನ್ನು ‘ವಿದೇಶ ಸೇವೆ’ ಎಂದು ಬರೆದರೆ ಅರ್ಥವೇ ಕೆಟ್ಟಿತು.

ಈಗ ನಿಮ್ಮ ಕಾಮಗಾರಿ ಸುತ್ತೋಲೆಗೆ ಬರೋಣ. ಕಚೇರಿಯಲ್ಲಿ ಮಾತಾಡುವ ಹಾಗೆಯೇ ಬರೆದರೆ ಕರಡು ಸುಮಾರಾಗಿ ಹೀಗಿರುತ್ತದೆ:

‘ಎಲ್ಲಾ ಪಿಡಿಒಗಳು ಅಡ್ಮಿನಿಸ್ಟ್ರೇಟಿವ್ ಅಪ್ರೂವಲ್ ಆದ ವರ್ಕ್‌ಗಳಿಗೆ ಎಸ್ಟಿಮೇಟ್ ಪ್ರಿಪೇರ್ ಮಾಡಿ, ಟೆಕ್ನಿಕಲ್ ಸ್ಯಾಂಕ್ಷನ್ ತೆಗೆದುಕೊಂಡು ಟೆಂಡರ್ ಫ್ಲೋಟ್ ಮಾಡತಕ್ಕದ್ದು. ಇ.ಎಂ.ಡಿ. ಪೇ ಮಾಡದ ಬಿಡ್‌ಗಳನ್ನು ರಿಜೆಕ್ಟ್ ಮಾಡಿ, ಸೆಲೆಕ್ಟ್ ಆದ ಕಾಂಟ್ರಾಕ್ಟರ್‌ನಿಂದ ಸೆಕ್ಯುರಿಟಿ ಡಿಪಾಸಿಟ್ ಕಲೆಕ್ಟ್ ಮಾಡಿ ವರ್ಕ್ ಆರ್ಡರ್ ಇಶ್ಯೂ ಮಾಡತಕ್ಕದ್ದು. ಎಂ.ಬಿ. ರೆಕಾರ್ಡ್ ಆದ ನಂತರ ಜಿಪಿಎಸ್ ಫೋಟೋ ಅಪ್‌ಲೋಡ್ ಮಾಡಿ ಬಿಲ್ ಸಬ್ಮಿಟ್ ಮಾಡತಕ್ಕದ್ದು.’

ಇದು ವಾಪಸ್ ಬಂದಿತೆಂದು ಬೇಸರದಲ್ಲಿ ಎಲ್ಲವನ್ನೂ ಕನ್ನಡ ಮಾಡಿದರೆ:

‘ಅನುಮೋದಿತ ಕಾರ್ಯಗಳಿಗೆ ಅಂದಾಜು ತಯಾರಿಸಿ ತಾಂತ್ರಿಕ ಅನುಮೋದನೆ ಪಡೆದು ಸ್ಪರ್ಧಾತ್ಮಕ ದರಗಳನ್ನು ಆಹ್ವಾನಿಸತಕ್ಕದ್ದು. ಭದ್ರತಾ ಠೇವಣಿ ಪಾವತಿಸದ ದರಪತ್ರಗಳನ್ನು ತಿರಸ್ಕರಿಸಿ, ಆಯ್ಕೆಯಾದವರಿಂದ ಭದ್ರತಾ ಠೇವಣಿ ಪಡೆದು ಕಾರ್ಯಾದೇಶ ನೀಡತಕ್ಕದ್ದು. ಅಳತೆ ದಾಖಲಾದ ನಂತರ ಸ್ಥಾನಸೂಚಕ ಛಾಯಾಚಿತ್ರವನ್ನು ಮೇಲೇರಿಸಿ ಪಾವತಿ ಪತ್ರ ಸಲ್ಲಿಸತಕ್ಕದ್ದು.’

ಎರಡನೆಯದು ನೋಡಲು ಅಂದವಾಗಿದೆ, ಆದರೆ ಮೊದಲನೆಯದಕ್ಕಿಂತ ಅಪಾಯಕಾರಿ. ಮೊದಲನೆಯದನ್ನು ಓದಿದ ಪಿಡಿಒಗೆ ಕನಿಷ್ಠ ಏನು ಮಾಡಬೇಕೆಂದು ಗೊತ್ತಾಗುತ್ತದೆ.

ಎರಡನೆಯದರಲ್ಲಿ ಕೆಟ್ಟದ್ದು ಎಲ್ಲಿ ಎಂದು ನೋಡಿ. ಆಡಳಿತಾತ್ಮಕ ಅನುಮೋದನೆಯೂ ತಾಂತ್ರಿಕ ಮಂಜೂರಾತಿಯೂ ಬೇರೆ ಬೇರೆಯವರು ಬೇರೆ ಬೇರೆ ಕಾರಣಕ್ಕೆ ಕೊಡುವಂಥವು. ಈ ಕಾಮಗಾರಿ ಬೇಕು, ಇದಕ್ಕೆ ಇಷ್ಟು ಖರ್ಚು ಮಾಡಬಹುದು ಎಂದು ಸಕ್ಷಮ ಪ್ರಾಧಿಕಾರ ಒಪ್ಪುವುದು ಮೊದಲನೆಯದು. ವಿನ್ಯಾಸ ಸರಿಯಿದೆ, ಲೆಕ್ಕ ದರಪಟ್ಟಿಗೆ ತಕ್ಕಂತಿದೆ ಎಂದು ಎಂಜಿನಿಯರ್ ಹೊಣೆ ಹೊರುವುದು ಎರಡನೆಯದು. ಎರಡಕ್ಕೂ ‘ಅನುಮೋದನೆ’ ಎಂದು ಬರೆದ ಮೇಲೆ ಕಡತದಲ್ಲಿ ಒಂದು ಅನುಮೋದನೆ ಪತ್ರ ಸೇರಿದೊಡನೆ ‘ಅನುಮೋದನೆ ಆಗಿದೆ’ ಎಂದು ಟಿಪ್ಪಣಿ ಬೀಳುತ್ತದೆ, ಟೆಂಡರ್ ಹೊರಡುತ್ತದೆ. ತಾಂತ್ರಿಕ ಮಂಜೂರಾತಿ ಇರಲಿಲ್ಲವೆಂಬುದು ಲೆಕ್ಕಪರಿಶೋಧನೆಯ ಆಕ್ಷೇಪಣೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಅಪ್ರೂವಲ್‌ಗೆ ಅನುಮೋದನೆ, ಸ್ಯಾಂಕ್ಷನ್‌ಗೆ ಮಂಜೂರಾತಿ, ಪರ್ಮಿಶನ್‌ಗೆ ಅನುಮತಿ, ಕನ್ಕರೆನ್ಸ್‌ಗೆ ಸಹಮತಿ, ಲೈಸೆನ್ಸ್‌ಗೆ ಪರವಾನಗಿ ಎಂದು ಒಂದಕ್ಕೊಂದು ಬೆರೆಯದಂತೆ ಇಡಿ. ವಾಕ್ಯದಲ್ಲಿ ಅದೇ ಪದ ಮತ್ತೆ ಬಂತೆಂದು ಸೊಗಸಿಗಾಗಿ ಬದಲಿಸಬೇಡಿ. ಕಥೆಯಲ್ಲಿ ಅದು ಚೆಲುವು, ಸುತ್ತೋಲೆಯಲ್ಲಿ ಗೊಂದಲ.

ಠೇವಣಿಯದು ಹಣದ ವಿಷಯ, ಇನ್ನೂ ಎಚ್ಚರ ಬೇಕು. ಇ.ಎಂ.ಡಿ. ಎಂದರೆ ಟೆಂಡರಿಗೆ ಹಾಕುವ ಎಲ್ಲರೂ ಕಟ್ಟುವ ಹಣ, ಗೆಲ್ಲದವರಿಗೆ ಅದು ವಾಪಸ್ ಹೋಗುತ್ತದೆ. ಸೆಕ್ಯುರಿಟಿ ಡಿಪಾಸಿಟ್ ಎಂದರೆ ಕಾಮಗಾರಿ ಪಡೆದವನೊಬ್ಬನೇ ಇಡುವ ಹಣ, ಕೆಲಸ ಮುಗಿದ ಮೇಲೂ ದೋಷ ಹೊಣೆಗಾರಿಕೆ ಅವಧಿ ತೀರುವ ತನಕ ಹಿಡಿದಿಟ್ಟುಕೊಳ್ಳುವಂಥದ್ದು. ಎರಡನ್ನೂ ‘ಭದ್ರತಾ ಠೇವಣಿ’ ಎಂದು ಕರೆದು, ಮುಂದಿನ ತಿಂಗಳು ‘ಟೆಂಡರ್ ಅಂತಿಮಗೊಂಡಿರುವುದರಿಂದ ಭದ್ರತಾ ಠೇವಣಿ ಹಿಂದಿರುಗಿಸಿ’ ಎಂಬ ಪತ್ರ ಹೊರಟರೆ, ಲೆಕ್ಕ ಶಾಖೆಯವರು ಕೆಲಸ ಶುರು ಮಾಡಬೇಕಾದ ಗುತ್ತಿಗೆದಾರನ ಹಣವನ್ನೂ ಬಿಡುಗಡೆ ಮಾಡಿಬಿಡಬಹುದು. ಆಮೇಲೆ ರಸ್ತೆ ಕಿತ್ತುಹೋದರೆ ಹಿಡಿಯಲು ಕೈಯಲ್ಲಿ ಏನೂ ಇರುವುದಿಲ್ಲ.

ಹಾಗಾದರೆ ಇ.ಎಂ.ಡಿ.ಗೆ ಕನ್ನಡ ಪದ ಯಾವುದು? ಕೆಲವು ಕಡೆ ‘ಮುಂಗಡ ಠೇವಣಿ’ ಎನ್ನುತ್ತಾರೆ. ಆದರೆ ಗುತ್ತಿಗೆದಾರನಿಗೆ ನಾವೇ ಕೊಡುವ ಹಣಕ್ಕೂ ಮುಂಗಡ ಎಂದೇ ಹೆಸರು. ಟೆಂಡರ್ ಪ್ರಕಟಣೆಗಳಲ್ಲಿ, ಗುತ್ತಿಗೆದಾರರ ಬಾಯಲ್ಲಿ, ಚಲನ್‌ನಲ್ಲಿ ಇ.ಎಂ.ಡಿ. ಎಂಬುದೇ ಓಡಾಡುತ್ತಿದೆ. ಇಲ್ಲಿ ನನ್ನ ಸಲಹೆ ಸ್ಪಷ್ಟ: ಇ.ಎಂ.ಡಿ. ಎಂದೇ ಉಳಿಸಿ, ಸುತ್ತೋಲೆಯಲ್ಲಿ ಮೊದಲ ಬಾರಿ ಬಂದಾಗ ‘ಟೆಂಡರ್‌ನಲ್ಲಿ ಭಾಗವಹಿಸುವ ಪ್ರತಿಯೊಬ್ಬರೂ ಕಟ್ಟಬೇಕಾದ ಇ.ಎಂ.ಡಿ. ಮೊತ್ತ’ ಎಂದು ವಾಕ್ಯದೊಳಗೇ ಅರ್ಥ ಕೊಡಿ. ಸೆಕ್ಯುರಿಟಿ ಡಿಪಾಸಿಟ್‌ಗೆ ಭದ್ರತಾ ಠೇವಣಿ ಎಂಬುದು ಚೆನ್ನಾಗಿ ಕೂತಿದೆ, ಅದನ್ನು ಬಿಡಬೇಡಿ. ಒಂದೇ ವಾಕ್ಯದಲ್ಲಿ ಒಂದು ಇಂಗ್ಲಿಷ್, ಒಂದು ಕನ್ನಡ ಬಂತಲ್ಲ ಎಂದು ಮುಜುಗರ ಬೇಡ. ಆ ವ್ಯತ್ಯಾಸವೇ ಇಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಇಡುತ್ತದೆ.

ಟೆಂಡರ್ ಕೂಡ ಉಳಿಯಬೇಕು. ಹರಾಜು ಬೇರೆ, ಕೊಟೇಶನ್ ತರಿಸಿಕೊಳ್ಳುವುದು ಬೇರೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹೇಳುವ ವಿಧಾನವನ್ನು ‘ಸ್ಪರ್ಧಾತ್ಮಕ ದರ ಆಹ್ವಾನ’ ಎಂದು ಸಡಿಲವಾಗಿ ಬರೆದರೆ, ಮೂರು ಅಂಗಡಿಯಿಂದ ಕೊಟೇಶನ್ ತಂದರೂ ಸಾಕು ಎಂದು ಯಾರಾದರೂ ಓದಿಕೊಂಡಾರು. ಬಿಲ್, ಫೋಟೋ, ಜಿಪಿಎಸ್ ಇವನ್ನು ಮುಟ್ಟುವುದೇ ಬೇಡ. ಎಸ್ಟಿಮೇಟ್‌ಗೆ ಅಂದಾಜು ಪಟ್ಟಿ, ವರ್ಕ್ ಆರ್ಡರ್‌ಗೆ ಕಾರ್ಯಾದೇಶ, ಎಂ.ಬಿ.ಗೆ ಅಳತೆ ಪುಸ್ತಕ ಈಗಾಗಲೇ ಬಳಕೆಯಲ್ಲಿವೆ. ‘ಅಳತೆ ದಾಖಲಾದ ನಂತರ’ ಎಂದು ಪುಸ್ತಕವನ್ನು ಬಿಟ್ಟುಬಿಡಬೇಡಿ, ಏಕೆಂದರೆ ಚೀಟಿಯಲ್ಲಿ ಬರೆದ ಅಳತೆಗೆ ಬಿಲ್ಲಾಗುವುದಿಲ್ಲ. ವರ್ಕ್ ಎಂದರೆ ಕಾಮಗಾರಿ, ‘ಕಾರ್ಯ’ ಅಲ್ಲ.

ಇನ್ನೊಂದು ಸೂತ್ರ ನಿಮ್ಮ ಕರಡನ್ನು ಒಂದೇ ಏಟಿಗೆ ಅರ್ಧ ಸರಿಮಾಡುತ್ತದೆ: ನಾಮಪದ ಇಂಗ್ಲಿಷಿನದಿದ್ದರೂ ಕ್ರಿಯಾಪದ ಕನ್ನಡದ್ದಿರಲಿ. ಮೊದಲ ಕರಡಿನಲ್ಲಿ ಕಣ್ಣಿಗೆ ರಾಚುವುದು ಟೆಂಡರ್, ಬಿಲ್ ಅಲ್ಲ. ಪ್ರಿಪೇರ್ ಮಾಡಿ, ಫ್ಲೋಟ್ ಮಾಡಿ, ಪೇ ಮಾಡಿ, ರಿಜೆಕ್ಟ್ ಮಾಡಿ, ಕಲೆಕ್ಟ್ ಮಾಡಿ, ಇಶ್ಯೂ ಮಾಡಿ ಎಂಬ ಸಾಲು. ಇವಕ್ಕೆಲ್ಲ ಸಿದ್ಧಪಡಿಸಿ, ಕರೆಯಿರಿ, ಕಟ್ಟಿ, ತಿರಸ್ಕರಿಸಿ, ಪಡೆಯಿರಿ, ನೀಡಿ ಎಂಬ ಮನೆಮಾತಿನ ಪದಗಳಿವೆ, ಯಾರೂ ಅರ್ಥ ಕೇಳಿ ಫೋನ್ ಮಾಡುವುದಿಲ್ಲ. ಇದಕ್ಕೆ ಹೊರತಾದದ್ದು ಪರದೆಯ ಮೇಲಿನ ಕೆಲಸ ಮಾತ್ರ. ಲಾಗಿನ್ ಆಗಿ, ಅಪ್‌ಲೋಡ್ ಮಾಡಿ, ಡೌನ್‌ಲೋಡ್ ಮಾಡಿ ಎಂಬುವನ್ನು ಹಾಗೇ ಬಿಡಿ. ಅವರು ಒತ್ತಬೇಕಾದ ಗುಂಡಿಯ ಮೇಲೆ ಏನಿದೆಯೋ ಅದೇ ಅಕ್ಷರದಲ್ಲಿ ಕೊಡಿ: ಪರದೆಯಲ್ಲಿ Save ಮತ್ತು Submit ಎಂದಿದ್ದರೆ ಸುತ್ತೋಲೆಯಲ್ಲೂ ಹಾಗೆಯೇ ಇರಲಿ. ಎರಡಕ್ಕೂ ‘ಸಲ್ಲಿಸಿ’ ಎಂದರೆ Save ಒತ್ತಿ ಕೆಲಸವಾಯಿತೆಂದು ಎದ್ದು ಹೋಗುವವರಿದ್ದಾರೆ. ಅದೇ ಪರದೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಲು ಬರುವುದಾದರೆ, ಅಲ್ಲಿ ತೋರುವ ಕನ್ನಡ ಪದವನ್ನೇ ಹಾಕಿ, ನಿಮ್ಮದೇ ಅನುವಾದ ಬೇಡ.

ಇಷ್ಟನ್ನು ಇಟ್ಟುಕೊಂಡು ಬರೆದರೆ ಕರಡು ಹೀಗಾಗುತ್ತದೆ:

‘ಆಡಳಿತಾತ್ಮಕ ಅನುಮೋದನೆ ದೊರೆತಿರುವ ಕಾಮಗಾರಿಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಅಂದಾಜು ಪಟ್ಟಿ ಸಿದ್ಧಪಡಿಸಿಕೊಂಡು, ತಾಂತ್ರಿಕ ಮಂಜೂರಾತಿ ಪಡೆದ ನಂತರವೇ ಟೆಂಡರ್ ಕರೆಯತಕ್ಕದ್ದು. ಟೆಂಡರ್‌ನಲ್ಲಿ ಭಾಗವಹಿಸುವ ಪ್ರತಿಯೊಬ್ಬರೂ ಇ.ಎಂ.ಡಿ. ಮೊತ್ತ ಕಟ್ಟಬೇಕು, ಕಟ್ಟದವರ ಬಿಡ್‌ಗಳನ್ನು ತಿರಸ್ಕರಿಸತಕ್ಕದ್ದು. ಆಯ್ಕೆಯಾದ ಗುತ್ತಿಗೆದಾರರಿಂದ ಭದ್ರತಾ ಠೇವಣಿ ಪಡೆದ ಮೇಲೆ ಕಾರ್ಯಾದೇಶ ನೀಡತಕ್ಕದ್ದು. ಕಾಮಗಾರಿಯ ಅಳತೆಯನ್ನು ಅಳತೆ ಪುಸ್ತಕದಲ್ಲಿ ದಾಖಲಿಸಿ, ಜಿಪಿಎಸ್ ಫೋಟೋಗಳನ್ನು ಅಪ್‌ಲೋಡ್ ಮಾಡಿದ ನಂತರ ಬಿಲ್ ಸಲ್ಲಿಸತಕ್ಕದ್ದು.’

ಇದರಲ್ಲಿ ಟೆಂಡರ್, ಇ.ಎಂ.ಡಿ., ಬಿಡ್, ಜಿಪಿಎಸ್ ಫೋಟೋ, ಅಪ್‌ಲೋಡ್, ಬಿಲ್ ಉಳಿದಿವೆ. ಮೇಲಧಿಕಾರಿ ಕೇಳಿದರೆ ಒಂದೊಂದಕ್ಕೂ ಕಾರಣ ಹೇಳಬಹುದು.

ಇದೇ ಬರಹ ಗ್ರಾಮಸ್ಥರಿಗೆ ಅಂಟಿಸುವ ಪ್ರಕಟಣೆಯಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕಚೇರಿಯೊಳಗೆ ‘ನಿರಾಕ್ಷೇಪಣಾ ಪತ್ರ’ ಎಲ್ಲರಿಗೂ ಗೊತ್ತು, ಹೊರಗಿನವರು ಬಂದು ಕೇಳುವುದು ‘ಎನ್‌ಒಸಿ ಕೊಡಿ’ ಎಂದು. ಪ್ರಕಟಣೆಯಲ್ಲಿ ಮೊದಲ ಸಲ ‘ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ’ ಎಂದು ಎರಡನ್ನೂ ಕೊಟ್ಟು, ಮುಂದೆ ಒಂದನ್ನೇ ಬಳಸಿ. ಪ್ರತಿ ಸಾಲಿನಲ್ಲೂ ಎರಡೆರಡು ಕೊಡುತ್ತ ಹೋದರೆ ಓದುವವರು ದಣಿಯುತ್ತಾರೆ.

ಉಳಿಸಿಕೊಂಡ ಇಂಗ್ಲಿಷ್ ಪದಗಳ ಕಾಗುಣಿತ ಒಂದೇ ರೀತಿ ಇರಬೇಕು. ಇಎಂಡಿ, ಇ.ಎಂ.ಡಿ., ಈಎಂಡಿ ಎಂದು ಮೂರು ಬಗೆಯಲ್ಲಿ ಬರೆದರೆ ಎರಡು ವರ್ಷದ ನಂತರ ಹಳೆಯ ಪತ್ರ ಹುಡುಕುವವರಿಗೆ ಮೂರು ಬಾರಿ ಹುಡುಕಬೇಕಾಗುತ್ತದೆ. ‘ಅಪ್‌ಲೋಡ್’ ಎಂಬಲ್ಲಿ ಪ್ ಮತ್ತು ಲೋ ನಡುವೆ ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರವೊಂದಿದೆ, ಅದರ ಸಂಖ್ಯೆ U+200C. ಅದಿಲ್ಲದಿದ್ದರೆ ‘ಅಪ್ಲೋಡ್’ ಎಂದು ಒತ್ತಕ್ಷರವಾಗುತ್ತದೆ, ಎಷ್ಟೋ ಕಡೆ ಹುಡುಕುವಾಗ ಬೇರೆ ಪದವೆಂದೇ ಎಣಿಕೆಯಾಗುತ್ತದೆ. ವಿಭಕ್ತಿ ಸೇರಿಸುವಾಗ ‘ಟೆಂಡರ್ ಅನ್ನು’ ಎಂದು ಬಿಡಿಸುವುದಕ್ಕಿಂತ ‘ಟೆಂಡರನ್ನು’, ‘ಬಿಲ್ಲನ್ನು’, ‘ಬ್ಯಾಂಕಿಗೆ’ ಎಂದು ನಾಲಿಗೆ ಹೊರಳುವಂತೆ ಬರೆದರೆ ಪದ ಕನ್ನಡದ ಮೈಗೆ ಹೊಂದಿಕೊಳ್ಳುತ್ತದೆ.

ನಿಮ್ಮ ಶಾಖೆಗೆ ಒಂದು ಪದಪಟ್ಟಿ ಮಾಡಿಕೊಳ್ಳಿ. ಕಳೆದ ಒಂದು ವರ್ಷದಲ್ಲಿ ನೀವೇ ಕಳುಹಿಸಿದ ಹತ್ತು ಹನ್ನೆರಡು ಸುತ್ತೋಲೆಗಳನ್ನು ಮುಂದಿಟ್ಟುಕೊಂಡರೆ ಐವತ್ತು ಅರವತ್ತು ಪದ ಸಿಗುತ್ತವೆ, ಎರಡು ಪುಟ ಸಾಕು. ಎಡಗಡೆ ಇಂಗ್ಲಿಷ್ ಪದ, ನಡುವೆ ನೀವು ಬಳಸಲಿರುವ ಪದ, ಬಲಗಡೆ ಅದು ಎಲ್ಲಿಂದ ಬಂತು ಎಂಬುದು: ಯಾವ ಅಧಿನಿಯಮ, ಯಾವ ಪರದೆ, ಯಾವ ಸರ್ಕಾರಿ ಆದೇಶ. ಆಡಳಿತ ಪದಕೋಶಗಳನ್ನು ಕೊನೆಯಲ್ಲಿ ನೋಡಿ, ಮೊದಲಲ್ಲ. ಕೋಶ ಒಂದು ಪದಕ್ಕೆ ನಾಲ್ಕು ಕೊಡುತ್ತದೆ, ನಿಮ್ಮ ಇಲಾಖೆ ಅದರಲ್ಲಿ ಒಂದನ್ನು ಈಗಾಗಲೇ ಆರಿಸಿಕೊಂಡಿರುತ್ತದೆ. ಪಟ್ಟಿ ಆದ ಮೇಲೆ ನಡುವಿನ ಅಂಕಣವನ್ನಷ್ಟೇ ಮೇಲಿನಿಂದ ಕೆಳಗೆ ಓದಿ. ಒಂದೇ ಕನ್ನಡ ಪದ ಎರಡು ಸಲ ಕಂಡರೆ ಅಲ್ಲಿ ನಿಲ್ಲಿ, ಎರಡರಲ್ಲೊಂದನ್ನು ಬದಲಿಸಿ. ಬೇರೆ ಪದ ಸಿಗದಿದ್ದರೆ ಒಂದನ್ನು ಇಂಗ್ಲಿಷಿನಲ್ಲೇ ಬಿಡಿ. ಪಟ್ಟಿಗೆ ಮೇಲಧಿಕಾರಿಯ ರುಜು ಪಡೆದುಕೊಂಡರೆ ಪದಕ್ಕಾಗಿ ಕಡತ ಹಿಂದಿರುಗುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಈಗಾಗಲೇ ಹೊರಟ ಸುತ್ತೋಲೆಯಲ್ಲಿ ಠೇವಣಿ, ಅನುಮೋದನೆಯಂಥ ಪದ ತಪ್ಪಾಗಿದ್ದರೆ ಫೋನಿನಲ್ಲಿ ಹೇಳಿ ಮುಗಿಸಬೇಡಿ, ಕಡತದಲ್ಲಿ ತಪ್ಪೇ ಉಳಿಯುತ್ತದೆ. ತಿದ್ದೋಲೆ ಹೊರಡಿಸಿ, ಮೂಲ ಸುತ್ತೋಲೆಯ ಸಂಖ್ಯೆ, ದಿನಾಂಕ, ಕಂಡಿಕೆ ಕೊಟ್ಟು, ‘2ನೇ ಕಂಡಿಕೆಯ ಮೊದಲ ಸಾಲಿನಲ್ಲಿ “ಭದ್ರತಾ ಠೇವಣಿ” ಎಂದು ಇರುವುದನ್ನು “ಇ.ಎಂ.ಡಿ. ಮೊತ್ತ” ಎಂದು ಓದಿಕೊಳ್ಳತಕ್ಕದ್ದು’ ಎಂದು ಬರೆಯಿರಿ. ಮೂಲ ಸುತ್ತೋಲೆ ಹೋದ ಎಲ್ಲ ವಿಳಾಸಗಳಿಗೂ, ಲೆಕ್ಕ ಶಾಖೆಗೂ ಅದರ ಪ್ರತಿ ಹೋಗಲಿ.